ಆರು ಸಾಲಿನ ಪತ್ರ, ಎರಡು ರಾತ್ರಿ: ರಷ್ಯನ್‌ನಲ್ಲಿ ಸಂತಾಪ ಬರೆದದ್ದು

ಫೆಬ್ರವರಿ 4, ಮಂಗಳವಾರ ಬೆಳಿಗ್ಗೆ. ರಷ್ಯಾದ ಕಜಾನ್‌ನಲ್ಲಿ ಇನ್ನೂ ಕತ್ತಲು. ಟ್ರಾಮ್‌ಗೆ ಕಾಯುತ್ತಾ ಕೈಗವಸು ತೆಗೆದು ಫೋನ್ ನೋಡಿದೆ. ನಮ್ಮ ಲ್ಯಾಬ್‌ನ ಟೆಲಿಗ್ರಾಮ್ ಗುಂಪಿನಲ್ಲಿ ಒಂದು ಸಂದೇಶ ಬಂದಿತ್ತು. ಪರದೆಯ ಮೇಲೆ ಕಂಡದ್ದು ಅದರ ಮೊದಲ ಅರ್ಧ ಮಾತ್ರ. "ಸಹೋದ್ಯೋಗಿಗಳೇ, ಇವತ್ತು ರಾತ್ರಿ ಅರ್ತ್ಯೋಮ್ ಉಷೋಲ್..." ಅಂತಿತ್ತು. ಉಷೋಲ್ ಅಂದರೆ ಹೋದ. ನಾನು ಕೆಲಸ ಬಿಟ್ಟು ಹೋದ ಅಂದುಕೊಂಡೆ. ಅರೆ, ನಿನ್ನೆ ಸಂಜೆಯೂ ಏನೂ ಹೇಳಲಿಲ್ಲವಲ್ಲ ಅಂತ ಸ್ವಲ್ಪ ಕೋಪವೂ ಬಂತು. ಟ್ರಾಮ್ ಹತ್ತಿ ಕೂತ ಮೇಲೆ ಸಂದೇಶ ಪೂರ್ತಿ ತೆರೆದೆ. "ಉಷೋಲ್ ಇಜ್ ಝೀಜ್ನಿ." ಬದುಕಿನಿಂದ ಹೋದ.

ರಾತ್ರಿ ಹೃದಯಾಘಾತ. ವಯಸ್ಸು 41. (ಇಲ್ಲಿರುವ ಹೆಸರುಗಳನ್ನೆಲ್ಲ ಬದಲಿಸಿದ್ದೇನೆ.)

ಅರ್ತ್ಯೋಮ್ ನನ್ನ ಪಕ್ಕದ ಮೇಜಿನವನು. ಮೂರು ವರ್ಷ ಒಟ್ಟಿಗೆ ಕೆಲಸ ಮಾಡಿದ್ದೆವು. ಅವನ ಹೆಂಡತಿಯನ್ನು ನಾನು ನೋಡಿರಲಿಲ್ಲ. ಲ್ಯಾಬ್‌ನಲ್ಲಿ ಎಲ್ಲರೂ ತಮ್ಮ ತಮ್ಮ ರೀತಿಯಲ್ಲಿ ಅವರಿಗೆ ಬರೆಯುತ್ತಿದ್ದರು, ಫೋನ್ ಮಾಡುತ್ತಿದ್ದರು. ನನಗೆ ಫೋನ್‌ನಲ್ಲಿ ರಷ್ಯನ್ ಮಾತಾಡೋಕೆ ಇವತ್ತಿಗೂ ಧೈರ್ಯವಿಲ್ಲ. ಎದುರಿಗಿದ್ದರೆ ಕೈಬಾಯಿ ಸನ್ನೆಯಿಂದ ಹೇಗೋ ನಡೆಯುತ್ತೆ, ಫೋನ್‌ನಲ್ಲಿ ಬರೀ ಭಾಷೆ ಮಾತ್ರ ಇರುತ್ತಲ್ಲ. ಹಾಗಾಗಿ ಪತ್ರ ಬರೆಯೋಣ ಅಂದುಕೊಂಡೆ. ಒಂದು ಗಂಟೆಯ ಕೆಲಸ ಅನ್ನಿಸಿತ್ತು. ಎರಡು ರಾತ್ರಿ ಹಿಡಿಯಿತು.

ಸಮಯವೂ ಜಾಸ್ತಿ ಇರಲಿಲ್ಲ. ಇಲ್ಲಿ ಸಾಮಾನ್ಯವಾಗಿ ಮೂರನೇ ದಿನ ಮಣ್ಣು ಮಾಡುತ್ತಾರೆ. ತೀರಿಕೊಂಡ ದಿನವನ್ನೇ ಒಂದು ಅಂತ ಎಣಿಸುವುದು ಇಲ್ಲಿನ ರೂಢಿ. ಮಂಗಳವಾರ ಒಂದು, ಬುಧವಾರ ಎರಡು, ಗುರುವಾರ ಮೂರು. ಅಂದರೆ ಗುರುವಾರ ಬೆಳಿಗ್ಗೆಯೊಳಗೆ ಪತ್ರ ಕೈಯಲ್ಲಿರಬೇಕು.

ಮೊದಲು ಕಾರ್ಡ್ ಹುಡುಕಿದೆ. ಮಂಗಳವಾರ ಸಂಜೆ ಎರಡು ಅಂಗಡಿ ಸುತ್ತಿದೆ. ಹುಟ್ಟುಹಬ್ಬದ್ದು, ಮಾರ್ಚ್ 8ರ ಮಹಿಳಾ ದಿನದ್ದು, ಸೈನಿಕರ ಹಬ್ಬದ್ದು, ಎಲ್ಲ ಇದ್ದವು. ಸಂತಾಪದ ಕಾರ್ಡ್ ಎಲ್ಲಿ ಅಂತ ಕೇಳಿದಾಗ ಅಂಗಡಿಯಾಕೆ ನನ್ನ ಮುಖವನ್ನೇ ನೋಡಿದರು. "ಅದನ್ನೆಲ್ಲ ಯಾರು ಕಾರ್ಡ್‌ನಲ್ಲಿ ಬರೀತಾರೆ?" ಅಂದರು. ಅದು ಇಂಗ್ಲಿಷ್ ಸಿನಿಮಾ ನೋಡಿ ನನ್ನ ತಲೆಯಲ್ಲಿ ಕೂತಿದ್ದ ಕಾರ್ಡ್ ಅಂತ ಆಮೇಲೆ ಹೊಳೆಯಿತು. ನಮ್ಮ ಹಾಸನದಲ್ಲಿ ತಾನೇ ಎಲ್ಲಿ ಸಿಗುತ್ತೆ ಹೇಳಿ. ನೀವು ಇಲ್ಲಿದ್ದರೆ ಅಂಗಡಿ ಸುತ್ತಬೇಡಿ. ಗೆರೆಯಿಲ್ಲದ ಬಿಳಿ ಹಾಳೆ, ಬಿಳಿ ಲಕೋಟೆ ಸಾಕು.

ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. "ಬರೆಯೋದೇನು, ಹೋಗಿ ಅವರ ಹತ್ರ ಕೂತ್ಕೊಂಡು ಬಾ" ಅಂದಳು. ಅಜ್ಜಿ ಹೋದಾಗ ನಮ್ಮ ಮನೆಯಲ್ಲಿ ಆದದ್ದೂ ಅದೇ. ಬಂದವರು ಚಾಪೆ ಮೇಲೆ ಕೂರುತ್ತಿದ್ದರು, "ಹೇಗಾಯ್ತು?" ಅಂತ ಕೇಳುತ್ತಿದ್ದರು, ಅಮ್ಮ ಮೊದಲಿಂದ ಹೇಳುತ್ತಿದ್ದಳು. ದಿನಕ್ಕೆ ಇಪ್ಪತ್ತು ಸಲ ಹೇಳಿ ಹೇಳಿ ಅವಳ ಅಳು ಹಗುರಾಯಿತು. ಆದರೆ ಪರಿಚಯವೇ ಇಲ್ಲದ ಮನೆಗೆ, ಅರ್ಧ ಭಾಷೆ ಇಟ್ಟುಕೊಂಡು ಹೋಗಿ "ಹೇಗಾಯ್ತು" ಅಂತ ಕೇಳುವುದು ಹೇಗೆ? ಪತ್ರದಲ್ಲಂತೂ ಆ ಪ್ರಶ್ನೆ ಬರಲೇಬಾರದು ಅಂತ ನಂತರ ಗೊತ್ತಾಯಿತು.

ಮೊದಲ ಕರಡು ಕೂತು ಬರೆದೆ. ಹನ್ನೆರಡು ಸಾಲು. ಮೊದಲು ಕನ್ನಡದಲ್ಲಿ ಯೋಚಿಸಿದೆ, ಸಿಗದ ಕಡೆ ಇಂಗ್ಲಿಷ್‌ಗೆ ಹೋದೆ, ಅಲ್ಲಿಂದ ರಷ್ಯನ್‌ಗೆ ಇಳಿದೆ. ಅದೂ ಸಾಲದೆ ಅಂತರ್ಜಾಲದಲ್ಲಿ ಸಿಕ್ಕ ಎರಡು ಮಾದರಿ ಪತ್ರಗಳಿಂದ ಒಂದೊಂದು ಸಾಲು ಕಿತ್ತು ಸೇರಿಸಿದೆ. ಓದಿದರೆ ಭಾರಿ ಗಂಭೀರವಾಗಿ ಕಾಣುತ್ತಿತ್ತು. ನನಗೆ ನಾನೇ ಮೆಚ್ಚಿಕೊಂಡೆ ಅಂತ ಹೇಳೋಕೆ ಈಗ ನಾಚಿಕೆ. ವಾರಕ್ಕೆರಡು ದಿನ ನಮಗೆ ಪಾಠ ಮಾಡುವ ರಷ್ಯನ್ ಟೀಚರ್‌ಗೆ ರಾತ್ರಿ ಹತ್ತಕ್ಕೆ ಕಳಿಸಿ, ದಯವಿಟ್ಟು ಒಮ್ಮೆ ನೋಡಿ ಅಂದೆ.

ಬುಧವಾರ ಇಡೀ ಹಗಲು ಉತ್ತರವಿಲ್ಲ. ಲ್ಯಾಬ್‌ನಲ್ಲಿ ಅರ್ತ್ಯೋಮ್‌ನ ಮೇಜಿನ ಮೇಲೆ ಯಾರೋ ಅವನ ಫೋಟೊ ಇಟ್ಟಿದ್ದರು. ಪಕ್ಕದಲ್ಲಿ ಎರಡು ಕೆಂಪು ಕಾರ್ನೇಷನ್ ಹೂವು. ಅವನ ಕಪ್ಪು ಮಗ್ ಇನ್ನೂ ಅಲ್ಲೇ ಇತ್ತು, ಒಳಗೆ ಒಣಗಿದ ಟೀ ಚೀಲ. ಅದನ್ನು ತೊಳೆಯಬೇಕೋ ಬೇಡವೋ ಅಂತ ಯಾರಿಗೂ ಗೊತ್ತಿರಲಿಲ್ಲ. ಯಾರೂ ಮುಟ್ಟಲಿಲ್ಲ. ನಾನು ಹತ್ತು ನಿಮಿಷಕ್ಕೊಮ್ಮೆ ಫೋನ್ ನೋಡುತ್ತಿದ್ದೆ.

ಸಂಜೆ ಏಳಕ್ಕೆ ಟೀಚರ್ ಫೋನ್ ಬಂತು. ಬರೆದು ಕಳಿಸಿದರೆ ನಿನಗೆ ಅರ್ಥವಾಗಲ್ಲ, ನಿಧಾನವಾಗಿ ಮಾತಾಡ್ತೀನಿ, ಬರ್ಕೋ ಅಂದರು. ಹನ್ನೆರಡು ಸಾಲಿನಲ್ಲಿ ಅವರು ಉಳಿಸಿದ್ದು ಮೂರು.

ಮೊದಲ ಏಟು ಸಂಬೋಧನೆಗೇ ಬಿತ್ತು. ರಷ್ಯನ್‌ನಲ್ಲಿ ಗೌರವದಿಂದ ಕರೆಯುವಾಗ ಹೆಸರಿನ ಜೊತೆ ತಂದೆಯ ಹೆಸರಿನಿಂದ ಬಂದ ಓತ್ಚೆಸ್ತ್ವಾ ಸೇರಿಸಬೇಕು. ತಂದೆ ನಿಕೊಲಾಯ್ ಆದರೆ ಮಗ ನಿಕೊಲಾಯೆವಿಚ್, ಮಗಳು ನಿಕೊಲಾಯೆವ್ನಾ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅವನ ಹೆಂಡತಿಗೆ "ಗುಲ್ನಾರಾ ಅರ್ತ್ಯೋಮೊವ್ನಾ" ಅಂತ ಬರೆದಿದ್ದೆ. ಯಾಕೆ ಅಂದರೆ ನಮ್ಮಲ್ಲಿ ಹಾಗೇ ಅಲ್ವಾ? ಮದುವೆಗೆ ಮುಂಚೆ ಅಪ್ಪನ ಹೆಸರು, ಆಮೇಲೆ ಗಂಡನ ಹೆಸರು. ಅಮ್ಮನ ಶಾಲೆ ಸರ್ಟಿಫಿಕೇಟ್‌ನಲ್ಲಿ ತಾತನ ಹೆಸರಿದೆ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಅಪ್ಪನದು. ಕೈ ತಾನಾಗೇ ಹಾಗೆ ಬರೆದುಬಿಟ್ಟಿತು. ಟೀಚರ್ ಒಂದು ಕ್ಷಣ ಸುಮ್ಮನಿದ್ದು, "ನೀನು ಅವರನ್ನ ಗಂಡನಿಗೆ ಮಗಳು ಮಾಡಿದ್ದೀಯ" ಅಂದರು.

ಇಲ್ಲಿ ಮದುವೆಯಾದ ಮೇಲೆ ಹೆಂಗಸರ ಮನೆತನದ ಹೆಸರು ಬದಲಾಗಬಹುದು, ಓತ್ಚೆಸ್ತ್ವಾ ಬದಲಾಗುವುದಿಲ್ಲ. ಸಾಯುವ ತನಕ ಅದು ಅಪ್ಪನದೇ. ಹಾಗಾದರೆ ಗುಲ್ನಾರಾ ಅವರ ಅಪ್ಪನ ಹೆಸರೇನು? ಆಫೀಸಿನ ಸಿಬ್ಬಂದಿ ವಿಭಾಗದಲ್ಲಿ ಕೇಳಿದರೆ ನೌಕರರ ಮನೆಯವರ ವಿವರ ಕೊಡುವಂತಿಲ್ಲ ಅಂದರು. ಸರಿಯೇ. ಕೊನೆಗೆ ನಮ್ಮ ಲ್ಯಾಬ್‌ನ ಹಿರಿಯ ಸಹಾಯಕಿಗೆ ಫೋನ್ ಮಾಡಿದೆ. ಅವರಿಗೆ ಎಲ್ಲರ ಮನೆ ವಿಚಾರವೂ ಗೊತ್ತು. "ರಷೀತೊವ್ನಾ" ಅಂದರು. ನಾನು ರಷೀದೊವ್ನಾ ಅಂತ ಬರೆದುಕೊಂಡೆ, ರಶೀದ್ ಅನ್ನುವ ಹೆಸರು ನಮಗೆ ಗೊತ್ತಲ್ಲ. ಅವರು ಮತ್ತೆ ಫೋನ್ ಮಾಡಿ, "ತ, ದ ಅಲ್ಲ. ತತಾರರು ರಷೀತ್ ಅಂತ ಬರೀತಾರೆ, ಇವರದು ಹಾಗೇ" ಅಂದರು. ಆ ಒಂದು ಅಕ್ಷರಕ್ಕೆ ಅವರು ಮತ್ತೆ ಫೋನ್ ಮಾಡಿದರಲ್ಲ ಅಂತ ನನಗೆ ಆಶ್ಚರ್ಯ. ಹೆಸರು ಕೇಳುವಾಗ ಒಂದೊಂದೇ ಅಕ್ಷರ ಹೇಳಿಸಿಕೊಂಡು ಬರೆಯಿರಿ.

ಎರಡನೇ ಏಟು "ಕ್ಷಮಿಸಿ"ಗೆ. ಇಂಗ್ಲಿಷ್‌ನಲ್ಲಿ ದುಃಖಕ್ಕೂ ತಪ್ಪಿಗೂ ಸಾರಿ ಒಂದೇ. ಅದನ್ನೇ ಇಳಿಸಿ "ಇಜ್ವಿನೀತೆ ಜಾ ವಾಷು ಪತೇರ್ಯು" ಅಂತ ಬರೆದಿದ್ದೆ. ರಷ್ಯನ್‌ನಲ್ಲಿ ಅದನ್ನು ಓದಿದರೆ, ನಿಮಗಾದ ನಷ್ಟ ನನ್ನ ತಪ್ಪಿನಿಂದ ಆಯಿತು, ಕ್ಷಮಿಸಿ ಅಂದಂತೆ. ಅದರಲ್ಲಿ ಪತೇರ್ಯಾ ಅನ್ನುವ ಪದವೂ ಸರಿಯಿಲ್ಲ. ಪರ್ಸ್ ಕಳೆದರೂ ಪತೇರ್ಯಾ, ಸಮಯ ಹಾಳಾದರೂ ಪತೇರ್ಯಾ. ಮನುಷ್ಯರನ್ನು ಕಳೆದುಕೊಂಡಾಗ ಉತ್ರಾತಾ ಅನ್ನುವ ಪದ ಹೆಚ್ಚು ಹೊಂದುತ್ತದೆ. ಆದರೆ ಟೀಚರ್ ಅದನ್ನೂ ಬೇಡ ಅಂದರು. "ತುಂಬಲಾರದ ಉತ್ರಾತಾ" ಅನ್ನುವುದು ಕಚೇರಿಯ ಪ್ರಕಟಣೆಯಲ್ಲಿ ಬರುವ ಮಾತು. ನಮ್ಮ "ತುಂಬಲಾರದ ನಷ್ಟ" ಇದೆಯಲ್ಲ, ಥೇಟ್ ಅದೇ.

ಹೇಳಬೇಕಾದ ಮಾತು ಬೇರೆ, ಅದು ಸಿದ್ಧವಾಗೇ ಇದೆ, ಅದನ್ನು ತಿರುಚಬಾರದು: "ಪ್ರಿಮೀತೆ ಮೊಯೀ ಇಸ್ಕ್ರೆನ್ನಿಯೆ ಸಬಲೇಜ್ನವಾನಿಯಾ." ನನ್ನ ಮನಃಪೂರ್ವಕ ಸಂತಾಪವನ್ನು ಸ್ವೀಕರಿಸಿ. ಈ ಸಬಲೇಜ್ನವಾನಿಯಾ ಬಾಯಲ್ಲಿ ತಿರುಗೋಕೆ ನನಗೆ ಅರ್ಧ ದಿನ ಬೇಕಾಯಿತು. ಬಿಡಿಸಿ ಹೇಳಿದ ಮೇಲೆ ಸುಲಭವಾಯಿತು. ಮೊದಲಿಗಿರುವ ಸ ಅಂದರೆ ಜೊತೆ. ಬಲೇಜ್ನ್ ಅಂದರೆ ಈಗಿನ ಮಾತಿನಲ್ಲಿ ಕಾಯಿಲೆ, ಹಳೆಯ ಅರ್ಥದಲ್ಲಿ ನೋವು. ಜೊತೆಗೆ ನೋಯುವುದು. ಎದುರು ನಿಂತು ಹೇಳುವಾಗ "ಸಬಲೇಜ್ನುಯು" ಒಂದೇ ಪದ ಸಾಕು. ಒತ್ತು ಲೇ ಮೇಲೆ.

ಮೂರನೆಯದರಲ್ಲಿ ನಾನು ದೊಡ್ಡದಾಗಿ ಎಡವುತ್ತಿದ್ದೆ. ಮಾದರಿ ಪತ್ರದಿಂದ ಕಿತ್ತ ಸಾಲು "ತ್ಸಾರ್ಸ್ತ್ವಿಯೆ ಯೆಮೂ ನಿಬೇಸ್ನಯೆ". ಅವನಿಗೆ ಸ್ವರ್ಗದ ರಾಜ್ಯ ಸಿಗಲಿ. ನಮ್ಮ "ಆತ್ಮಕ್ಕೆ ಶಾಂತಿ ಸಿಗಲಿ" ತರಹದ್ದು, ಯಾರಿಗಾದರೂ ಹೇಳಬಹುದು ಅಂದುಕೊಂಡಿದ್ದೆ. ಅದು ಆರ್ಥಡಾಕ್ಸ್ ಕ್ರೈಸ್ತರ ಮಾತು. ಕಜಾನ್ ತತಾರ್‌ಸ್ತಾನದ ರಾಜಧಾನಿ. ಇಲ್ಲಿ ರಷ್ಯನ್ನರೂ ತತಾರರೂ ಹೆಚ್ಚುಕಡಿಮೆ ಸರಿಸಮ ಇದ್ದಾರೆ. ಕೋಟೆಯ ಒಳಗೆ ಕುಲ್ ಷರೀಫ್ ಮಸೀದಿಯೂ ಹಳೆಯ ಕೆಥೆಡ್ರಲ್ಲೂ ಒಂದೇ ಆವರಣದಲ್ಲಿವೆ. ಅರ್ತ್ಯೋಮ್ ರಷ್ಯನ್, ಗುಲ್ನಾರಾ ತತಾರ್. ಅವರು ನಮಾಜು ಮಾಡುವವರೋ ಅಲ್ಲವೋ, ಇವನು ಚರ್ಚಿಗೆ ಹೋಗುತ್ತಿದ್ದನೋ ಇಲ್ಲವೋ, ಮೂರು ವರ್ಷ ಪಕ್ಕದಲ್ಲಿ ಕೂತರೂ ನನಗೆ ಗೊತ್ತಿಲ್ಲ. ಗೊತ್ತಿಲ್ಲದಿದ್ದರೆ ದೇವರನ್ನು ಬಿಟ್ಟು ಬರೆ ಅಂದರು ಟೀಚರ್. "ಮಣ್ಣು ಅವನಿಗೆ ಹತ್ತಿಯಂತೆ ಮೆತ್ತಗಿರಲಿ" ಅನ್ನುವ ಅರ್ಥದ ಒಂದು ಮಾತೂ ಇದೆ, ಮೂಲದಲ್ಲಿ ಹತ್ತಿಯ ಬದಲು ಹಕ್ಕಿಯ ತುಪ್ಪುಳು. ಕೇಳೋಕೆ ಚಂದ, ಆದರೆ ಕೆಲವು ಶ್ರದ್ಧಾವಂತರಿಗೆ ಅದು ಕ್ರೈಸ್ತರ ಮಾತಲ್ಲ ಅನ್ನುವ ಕಾರಣಕ್ಕೆ ಹಿಡಿಸುವುದಿಲ್ಲ. ಶವವನ್ನು ಸುಡುವವರ ಮನೆಗೆ ಬರೆದರೆ ಇನ್ನೂ ಎಡವಟ್ಟು. ಯಾರಿಗೂ ಚುಚ್ಚದ ಮಾತು "ಸ್ವೇತ್ಲಯಾ ಪಾಮ್ಯತ್". ಬೆಳಕಿನ ನೆನಪು ಅಂತ ಅರ್ಥ. ಅದನ್ನು ಇಟ್ಟುಕೊಂಡೆವು.

ಇನ್ನೊಂದು ಸಣ್ಣದು. ಮಾದರಿ ಪತ್ರಗಳನ್ನು ಹೆಚ್ಚಾಗಿ ಗಂಡಸಿನ ಧ್ವನಿಯಲ್ಲಿ ಬರೆದಿರುತ್ತಾರೆ. ರಷ್ಯನ್‌ನಲ್ಲಿ "ನನಗೆ ತಿಳಿಯಿತು" ಅನ್ನೋಕೆ ಗಂಡಸು ಉಜ್ನಾಲ್ ಅನ್ನಬೇಕು, ಹೆಂಗಸು ಉಜ್ನಾಲಾ. ನನ್ನ ಕರಡಿನಲ್ಲಿ ಕದ್ದ ಸಾಲುಗಳಲ್ಲಿ ನಾನು ಗಂಡಸು, ಸ್ವಂತ ಸಾಲುಗಳಲ್ಲಿ ಹೆಂಗಸು! ಟೀಚರ್ ನಕ್ಕುಬಿಟ್ಟರು. ಆ ಎರಡು ದಿನದಲ್ಲಿ ನಾನು ನಕ್ಕಿದ್ದು ಆಗ ಮಾತ್ರ.

ಅಷ್ಟೆಲ್ಲ ಹೊಡೆದು ಹಾಕಿದ ಮೇಲೆ ಪತ್ರದಲ್ಲಿ ಏನೂ ಉಳಿದಿರಲಿಲ್ಲ. "ಈಗ ಏನು ಬರೀಲಿ?" ಅಂದೆ. "ಅರ್ತ್ಯೋಮ್ ಎಲ್ಲಿ?" ಅಂತ ಕೇಳಿದರು. ನಿಜ. ಹನ್ನೆರಡು ಸಾಲಿನಲ್ಲಿ ಅವನು ಒಳ್ಳೆಯ ಮನುಷ್ಯ, ಪ್ರತಿಭಾವಂತ ಅಂತಿತ್ತೇ ಹೊರತು ಅವನಿರಲಿಲ್ಲ. ಅವನು ನಿನಗೆ ಮಾಡಿದ ಒಂದು ಕೆಲಸ ಹೇಳು ಅಂದರು. ನನಗೆ ಟ್ರಾಮ್ ನೆನಪಾಯಿತು.

ನಾನು ಬಂದ ಹೊಸತರಲ್ಲಿ ಚಳಿಗಾಲ. ನಾಲ್ಕೂವರೆಗೆಲ್ಲ ಕತ್ತಲು, ಟ್ರಾಮ್ ಕಿಟಕಿಯ ಮೇಲೆ ಮಂಜು ಕಟ್ಟಿ ಹೊರಗೆ ಏನೂ ಕಾಣುತ್ತಿರಲಿಲ್ಲ. ನಾನು ದಿನಾ ಎಲ್ಲೆಲ್ಲೋ ಇಳಿದು ನಡೆಯುತ್ತಿದ್ದೆ. ಅದು ತಿಳಿದ ಮೇಲೆ ಅರ್ತ್ಯೋಮ್ ಒಂದು ತಿಂಗಳು ನನ್ನ ಟ್ರಾಮ್‌ನಲ್ಲೇ ಬಂದ. ಅವನ ಮನೆ ಆ ಕಡೆ ಅಲ್ಲ ಅಂತ ಬಹಳ ದಿನದ ಮೇಲೆ ಬೇರೆ ಯಾರೋ ಹೇಳಿದರು. ದಾರಿಯುದ್ದಕ್ಕೂ ನನ್ನ ವ್ಯಾಕರಣ ತಿದ್ದುತ್ತಿದ್ದ. ಟ್ರಾಮ್‌ನಲ್ಲಿ ಹೋಗ್ತೀನಿ ಅನ್ನೋಕೆ "ನಾ ತ್ರಮ್ವಾಯೆ" ಅನ್ನಬೇಕು. ನಾನು "ನಾ ತ್ರಮ್ವಾಯ್" ಅನ್ನುತ್ತಿದ್ದೆ, ಅದು ಹತ್ತುವಾಗ ಬಳಸುವ ರೂಪ. ಅವನು ಕೈಗವಸು ಹಾಕಿದ ಬೆರಳೆತ್ತಿ "ಯೆ! ಯೆ!" ಅಂತ ಕೂಗುತ್ತಿದ್ದ. ಪಕ್ಕದವರೆಲ್ಲ ತಿರುಗಿ ನೋಡುತ್ತಿದ್ದರು.

ಅದನ್ನೇ ಎರಡು ಸಾಲಿನಲ್ಲಿ ಬರೆದೆ. ಬುಧವಾರ ರಾತ್ರಿ ಹನ್ನೊಂದಕ್ಕೆ ಪತ್ರ ಮುಗಿಯಿತು. ಕನ್ನಡದಲ್ಲಿ ಹೇಳುವುದಾದರೆ ಹೀಗೆ:

"ಗೌರವಾನ್ವಿತ ಗುಲ್ನಾರಾ ರಷೀತೊವ್ನಾ,
ನನ್ನ ಮನಃಪೂರ್ವಕ ಸಂತಾಪವನ್ನು ಸ್ವೀಕರಿಸಿ. ನಾನು ಅರ್ತ್ಯೋಮ್ ನಿಕೊಲಾಯೆವಿಚ್ ಜೊತೆ ಮೂರು ವರ್ಷ ಕೆಲಸ ಮಾಡಿದೆ. ನನ್ನ ಮೊದಲ ಚಳಿಗಾಲದಲ್ಲಿ ನಾನು ದಾರಿ ತಪ್ಪಬಾರದೆಂದು ಅವರು ಒಂದು ತಿಂಗಳು ನನ್ನ ಜೊತೆ ಟ್ರಾಮ್‌ನಲ್ಲಿ ಬಂದರು, ನನಗೆ ರಷ್ಯನ್ ಕಲಿಸಿದರು. ಅದನ್ನು ನಾನು ಮರೆಯುವುದಿಲ್ಲ. ಅವರಿಗೆ ಬೆಳಕಿನ ನೆನಪು. ನಿಮ್ಮ ಜೊತೆ ನಾನೂ ದುಃಖಿಸುತ್ತಿದ್ದೇನೆ."

ಕೊನೆಯ ಸಾಲು ರಷ್ಯನ್‌ನಲ್ಲಿ "ಸ್ಕರ್ಬ್ಲ್ಯು ವ್ಮೇಸ್ತೆ ಸ್ ವಾಮಿ". ಅಲ್ಲಿ ನೀವು ಅನ್ನುವ ಪದದ ಮೊದಲ ಅಕ್ಷರ ದೊಡ್ಡದು, ಯಾಕೆಂದರೆ ಬರೆಯುತ್ತಿರುವುದು ಒಬ್ಬರಿಗೆ, ಗೌರವದಿಂದ. ಇಡೀ ಕುಟುಂಬಕ್ಕೆ ಬರೆದರೆ ಚಿಕ್ಕ ಅಕ್ಷರ. ಸಂಬೋಧನೆಯ ನಂತರ ಇಲ್ಲಿ ಸಾಮಾನ್ಯವಾಗಿ ಉದ್ಗಾರ ಚಿಹ್ನೆ ಹಾಕುತ್ತಾರೆ. ನಮ್ಮ ಕಣ್ಣಿಗೆ ಅದು ಸಂಭ್ರಮದಂತೆ ಕಾಣುತ್ತೆ. ಅಲ್ಪವಿರಾಮವೂ ನಡೆಯುತ್ತೆ ಅಂದರು, ಅದನ್ನೇ ಹಾಕಿದೆ. ಅಲ್ಪವಿರಾಮ ಹಾಕಿದರೆ ಮುಂದಿನ ಸಾಲು ಚಿಕ್ಕ ಅಕ್ಷರದಿಂದ ಶುರುವಾಗಬೇಕು.

ಕೈಬರಹ ಇನ್ನೊಂದು ಕಷ್ಟ. ರಷ್ಯನ್ ಕೂಡುಬರಹದಲ್ಲಿ ಅರ್ಧ ಅಕ್ಷರಗಳು ಒಂದೇ ಥರದ ಕೊಕ್ಕೆಗಳು. ನಾನು ಬರೆದದ್ದನ್ನು ನಾನೇ ಓದಲಾಗಲಿಲ್ಲ. ಮೂರು ಹಾಳೆ ಹಾಳು ಮಾಡಿ, ನಾಲ್ಕನೆಯದರಲ್ಲಿ ಅಚ್ಚಕ್ಷರದ ಹಾಗೆ ಬಿಡಿಬಿಡಿಯಾಗಿ ಬರೆದೆ. ಒಂದನೇ ಕ್ಲಾಸಿನ ಮಗು ಬರೆದಂತಿತ್ತು. ಇರಲಿ ಬಿಡು ಅಂತ ಲಕೋಟೆಗೆ ಹಾಕಿದೆ.

ಗುರುವಾರ ಬೆಳಿಗ್ಗೆ ಹೂವಿನ ಅಂಗಡಿಯಲ್ಲಿ ಐದು ಕೆಂಪು ಕಾರ್ನೇಷನ್ ಕೇಳಿದೆ. ಹೂವಿನಾಕೆ ನನ್ನ ಕಪ್ಪು ಕೋಟು ನೋಡಿ, "ಸಾವಿಗಾ?" ಅಂದರು. ಹೌದು ಅಂದೆ. ಏನೂ ಹೇಳದೆ ಆರನೆಯದನ್ನು ಸೇರಿಸಿದರು. ಇಲ್ಲಿ ಬದುಕಿರುವವರಿಗೆ ಬೆಸ, ಸತ್ತವರಿಗೆ ಸಮ. ಮದುವೆ ಮುಯ್ಯಿಗೆ 501 ಹಾಕುವ ಊರಿನವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಹೂವಿಗೆ 720 ರೂಬಲ್ ಆಯಿತು. ಲ್ಯಾಬ್‌ನಲ್ಲಿ ಎಲ್ಲರೂ ಸೇರಿಸಿ ಮನೆಯವರಿಗೆ ಕೊಡುವ ಹಣಕ್ಕೆ ನಾನು 2000 ಹಾಕಿದ್ದೆ. ಅದಕ್ಕೆ ಬೇರೆ ಲಕೋಟೆ. ಪತ್ರದ ಜೊತೆ ಹಣ ಇಡಬೇಡ ಅಂತ ಹಿರಿಯ ಸಹಾಯಕಿ ಮೊದಲೇ ಹೇಳಿದ್ದರು.

ಅಂತಿಮ ದರ್ಶನದ ಹಾಲ್‌ನಲ್ಲಿ ಅರ್ಧ ಗಂಟೆ ನಿಂತೆವು. ಸಾಲು ಮುಂದೆ ಸರಿದು ನಾನು ಗುಲ್ನಾರಾ ಅವರ ಎದುರು ಬಂದೆ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ ಪದ ಗಂಟಲಲ್ಲೇ ಉಳಿಯಿತು. ಸುಮ್ನೆ ಲಕೋಟೆ ಕೊಟ್ಟೆ. ಅವರು ಅದನ್ನು ನೋಡಲೂ ಇಲ್ಲ, ಮಡಚಿ ಕೋಟಿನ ಜೇಬಿಗೆ ಹಾಕಿಕೊಂಡರು. ಇಷ್ಟೆಲ್ಲ ಮಾಡಿ ಕೊನೆಗೆ ಅದು ಅಲ್ಲೇ ಉಳಿಯುತ್ತೇನೋ ಅನ್ನಿಸಿತು. ಉತ್ತರ ಬರಲಿಲ್ಲ. ನೀವೂ ಕಾಯಬೇಡಿ, ಇಂಥ ಪತ್ರಕ್ಕೆ ಉತ್ತರ ಬರೆಯುವ ಶಕ್ತಿ ಯಾರಿಗಿರುತ್ತೆ.

ಒಂಬತ್ತನೇ ದಿನಕ್ಕೆ ಹತ್ತಿರದವರು ಮಾತ್ರ ಸೇರಿದ್ದರು. ನಲವತ್ತನೇ ದಿನಕ್ಕೆ ಲ್ಯಾಬ್‌ನವರನ್ನೂ ಕರೆದರು. ನಾನು 4ಕ್ಕೆ 40 ಕೂಡಿ ಮಾರ್ಚ್ 16 ಅಂತ ಬರೆದಿಟ್ಟುಕೊಂಡಿದ್ದೆ. ಮೊದಲ ದಿನವನ್ನೂ ಎಣಿಸಬೇಕಲ್ಲ, ಅದು 15. ಹಿಂದಿನ ಸಂಜೆ ಯಾರೋ ನೆನಪಿಸಿದ್ದಕ್ಕೆ ಉಳಿದುಕೊಂಡೆ.

ಮೇಜಿನ ಮೇಲೆ ಬ್ಲಿನಿ ದೋಸೆ, ಜೇನು ಒಣದ್ರಾಕ್ಷಿ ಹಾಕಿದ ಅನ್ನದ ಕುತ್ಯಾ. ಅರ್ತ್ಯೋಮ್‌ನ ಫೋಟೊ ಮುಂದೆ ಒಂದು ಗ್ಲಾಸು, ಮೇಲೆ ಕಪ್ಪು ಬ್ರೆಡ್ಡಿನ ತುಂಡು. ಕುಡಿಯುವವರು ಗ್ಲಾಸಿಗೆ ಗ್ಲಾಸು ತಾಗಿಸದೆ ಕುಡಿಯುತ್ತಾರೆ. ಗುಲ್ನಾರಾ ತಟ್ಟೆ ಹಿಡಿದು ನನ್ನ ಹತ್ತಿರ ಬಂದು ಪಕ್ಕದಲ್ಲಿ ಕೂತರು. ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು.

"ಮನೆಯಲ್ಲಿ ದಿನಾ ಹೇಳೋರು, ಒಬ್ಬ ಹುಡುಗಿ ನಾ ತ್ರಮ್ವಾಯ್ ಅಂತಾಳೆ, ಎಷ್ಟು ಹೇಳಿದ್ರೂ ಕೇಳಲ್ಲ ಅಂತ. ಅದು ನೀವೇನಾ?"

ನಾನು ಹೌದು ಅಂತ ತಲೆ ಅಲ್ಲಾಡಿಸಿದೆ.

"ಪತ್ರದಲ್ಲಿ ಸರಿಯಾಗಿ ಬರೆದಿದ್ದೀರಿ" ಅಂದರು. ಬೆರಳೆತ್ತಿ, "ಯೆ."